ಪ್ರಮಾಣಪತ್ರ ಮೊದಲೋ, ಪರಿವಿಡಿ ಮೊದಲೋ?

ಪ್ರಾಜೆಕ್ಟ್ ಒಪ್ಪಿಸುವ ವಾರ ಬಂತೆಂದರೆ ಗದಗ-ಬೆಟಗೇರಿಯಿಂದ ಮುಂಡರಗಿವರೆಗೆ ಝೆರಾಕ್ಸ್ ಅಂಗಡಿಗಳ ಮುಂದೆ ಮಕ್ಕಳ ಸಾಲು ನಿಲ್ಲುತ್ತದೆ. ಸ್ಪೈರಲ್ ಹಾಕುವವರು ಹಾಳೆ ಜೋಡಿಸುತ್ತ ಕೇಳುವ ಪ್ರಶ್ನೆ ಒಂದೇ: “ಯಾವ್ದು ಮೊದಲ್ ಇಡ್ಲಿ?” ಅನೇಕ ಮಕ್ಕಳು ಉತ್ತರ ಯೋಚಿಸುವುದೇ ಅಲ್ಲಿ ನಿಂತು. ಹಾಳೆಗಳ ಕ್ರಮ ಬರೀ ಅಂದಕ್ಕೆ ಎಂಬ ನಂಬಿಕೆ ಇದಕ್ಕೆ ಕಾರಣ.

ನಿಜದಲ್ಲಿ ಪ್ರತಿ ಹಾಳೆಯಲ್ಲೂ ಮಾತಾಡುವವರು ಬೇರೆ. ಮುಖಪುಟ ವಿಷಯವನ್ನು ಹೇಳುತ್ತದೆ, ಪ್ರಮಾಣಪತ್ರದಲ್ಲಿ ಶಾಲೆ ಮಾತಾಡುತ್ತದೆ, ಕೃತಜ್ಞತೆಯಲ್ಲಿ ವಿದ್ಯಾರ್ಥಿ. ಪರಿವಿಡಿಯಿಂದಾಚೆಗೆ ಕೆಲಸವೇ ಮಾತಾಡಬೇಕು. ಕೊನೆಯ ಆಧಾರಗಳ ಪುಟ ಬೇರೆಯವರಿಂದ ಪಡೆದದ್ದರ ಲೆಕ್ಕ ಒಪ್ಪಿಸುತ್ತದೆ.

ಹತ್ತನೇ ತರಗತಿಯ ತಂಡವೊಂದು ಮಾಗಡಿ ಕೆರೆಯ ಮೇಲೆ ವರದಿ ಮಾಡಿದೆ ಎಂದುಕೊಳ್ಳೋಣ. ಶಿರಹಟ್ಟಿ, ಲಕ್ಷ್ಮೇಶ್ವರಗಳಿಗೆ ಹತ್ತಿರದ ಈ ಕೆರೆಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮುಖಪುಟದ ಮೇಲೆ ‘ಮಾಗಡಿ ಕೆರೆಯ ವಲಸೆ ಹಕ್ಕಿಗಳು’ ಎಂದಿದೆ, ಪ್ರಮಾಣಪತ್ರದಲ್ಲಿ ‘ಗದಗ ಜಿಲ್ಲೆಯ ಪಕ್ಷಿಗಳು’ ಎಂದಿದೆ. ಆಗ ಶಿಕ್ಷಕರ ಸಹಿ, ಶಾಲೆಯ ಮುದ್ರೆ ಎಲ್ಲ ಇದ್ದರೂ ಆ ಹಾಳೆ ಬೇರೊಂದು ಕೆಲಸಕ್ಕೆ ಸಾಕ್ಷಿ ಹೇಳಿದಂತಾಯಿತು. ಪ್ರಮಾಣಪತ್ರವನ್ನು ಬಹುಮಾನದಂತೆ ಕೊನೆಗೆ ಇಡುವವರೂ ಇದ್ದಾರೆ. ಇದು ಇಂಥ ವಿದ್ಯಾರ್ಥಿಗಳೇ ಮಾಡಿದ ಕೆಲಸ ಎಂಬುದು ಓದುವ ಮೊದಲೇ ತಿಳಿಯಬೇಕು. ಹಾಗಾಗಿ ಅದರ ಜಾಗ ಮುಖಪುಟದ ಬೆನ್ನಿಗೆ, ಕೃತಜ್ಞತೆಗಿಂತ ಮುಂಚೆ.

ಪರಿವಿಡಿ ಮುಂದೆ ಬರುತ್ತದೆ, ಆದ್ದರಿಂದ ಮೊದಲೇ ಬರೆಯಬೇಕು ಎಂಬುದು ಇನ್ನೊಂದು ಕಲ್ಪನೆ. ಹೆಚ್ಚು ಎಡವಟ್ಟು ಆಗುವುದು ಇಲ್ಲೇ. ನಮ್ಮ ತಂಡದ ವರದಿಯಲ್ಲಿ ಪೀಠಿಕೆ 1ನೇ ಪುಟದಿಂದ, ಅಧ್ಯಯನದ ವಿಧಾನ 4ರಿಂದ, ಕಂಡದ್ದರ ವಿವರ 7ರಿಂದ, ತೀರ್ಮಾನ 15ರಿಂದ, ಆಧಾರಗಳು 17ಕ್ಕೆ. ಹಿಂದಿನ ರಾತ್ರಿ ಮೂರನೇ ಅಧ್ಯಾಯಕ್ಕೆ ಎರಡು ಪುಟ ಫೋಟೊ ಸೇರಿದವು. ತೀರ್ಮಾನ 17ಕ್ಕೆ ಜಾರಿತು, ಆಧಾರಗಳು 19ಕ್ಕೆ. ಮೊದಲೇ ಟೈಪಾದ ಪರಿವಿಡಿ ಮಾತ್ರ ಇನ್ನೂ 15 ಎನ್ನುತ್ತಿದೆ. ಪರಿವಿಡಿಯನ್ನು ಕೊನೆಯಲ್ಲಿ ಬರೆದು ಮುಂದೆ ಸೇರಿಸಬೇಕು.

ಪುಟಸಂಖ್ಯೆ ಮುಖಪುಟದಿಂದಲೇ ಶುರುವಾಗಬೇಕಿಲ್ಲ. ಮುಖಪುಟಕ್ಕೆ ಅಂಕಿಯೇ ಬೇಡ. ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿಗಳಿಗೆ ಸಣ್ಣ ರೋಮನ್ ಅಂಕಿ ಹಾಕುವುದು ರೂಢಿ, ಬಿಟ್ಟರೂ ನಡೆಯುತ್ತದೆ. ಪೀಠಿಕೆಯೇ 1. ವರ್ಡ್‌ನಲ್ಲಿ ಟೈಪ್ ಮಾಡುವವರು ಪರಿವಿಡಿಯ ಕೊನೆಯಲ್ಲಿ Layout > Breaks > Next Page ಒತ್ತಿ, ಅಡಿಯ ಪಟ್ಟಿಯಲ್ಲಿ Link to Previous ತೆಗೆದು, Format Page Numbers ಒಳಗೆ Start at 1 ಕೊಟ್ಟರಾಯಿತು. ಎಡ ಅಂಚಿಗೆ ಸಾಕಷ್ಟು ಜಾಗ ಬಿಡದಿದ್ದರೆ ಸ್ಪೈರಲ್‌ನ ತೂತು ಅಕ್ಷರಗಳ ಮೇಲೇ ಬೀಳುತ್ತದೆ.

ಆಧಾರಗಳ ಪುಟದಲ್ಲಿ ‘ಗೂಗಲ್’ ಎಂದು ಬರೆದರೆ ಸಾಕೆಂಬ ನಂಬಿಕೆ ಎಲ್ಲಕ್ಕಿಂತ ದೊಡ್ಡದು. ಗೂಗಲ್ ಹುಡುಕಿ ಕೊಡುತ್ತದೆ, ಮಾಹಿತಿ ಬರೆದವರು ಬೇರೆ. ಲೇಖಕರು, ಕೃತಿ, ಪ್ರಕಾಶಕರು, ವರ್ಷ ಬೇಕು. ಜಾಲತಾಣವಾದರೆ ಆ ಪುಟದ ಪೂರ್ತಿ ವಿಳಾಸ, ನೋಡಿದ ದಿನಾಂಕ ಬೇಕು. ಈ ಜಿಲ್ಲೆಯ ಮಟ್ಟಿಗಂತೂ ವರ್ಷಕ್ಕೆ ವಿಶೇಷ ತೂಕವಿದೆ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1959ರ ಗ್ಯಾಸೆಟಿಯರ್‌ನಲ್ಲಿ ಈ ಊರುಗಳನ್ನು ಹುಡುಕಬೇಕಾದದ್ದು ಧಾರವಾಡ ಜಿಲ್ಲೆಯ ಸಂಪುಟದಲ್ಲಿ. ಲಕ್ಷ್ಮೇಶ್ವರ ಈಗ ಬೇರೆ ತಾಲ್ಲೂಕು, ಹಳೆಯ ಬರಹಗಳಲ್ಲಿ ಅದು ಶಿರಹಟ್ಟಿ ತಾಲ್ಲೂಕಿನ ಊರು. ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿದ್ದು 2024ರಲ್ಲಿ, ಅದಕ್ಕೂ ಹಿಂದಿನ ಲೇಖನದಲ್ಲಿ ಆ ಮಾತೇ ಇರುವುದಿಲ್ಲ. ವರ್ಷ ಬರೆದಿದ್ದರೆ ಓದುಗರಿಗೆ ಈ ವ್ಯತ್ಯಾಸ ತಾನಾಗಿ ಅರ್ಥವಾಗುತ್ತದೆ, ಇಲ್ಲದಿದ್ದರೆ ವರದಿಯೇ ತಪ್ಪೆನಿಸುತ್ತದೆ.

ಕೆರೆಯ ದಂಡೆಯ ರೈತರೊಬ್ಬರು ಹಕ್ಕಿಗಳು ಯಾವ ಹೊಲಕ್ಕೆ ಇಳಿಯುತ್ತವೆ ಎಂದು ತಿಳಿಸಿದ್ದರೆ ಕೃತಜ್ಞತೆಯಲ್ಲಿ ನೆನೆದುಬಿಟ್ಟರೆ ಮುಗಿಯಲಿಲ್ಲ. ಸಂದರ್ಶನದ ಸ್ಥಳ, ದಿನಾಂಕದೊಂದಿಗೆ ಅವರ ಹೆಸರು ಆಧಾರಗಳಲ್ಲೂ ಬರಬೇಕು. ಒಂದು ಕಡೆ ಉಪಕಾರ ಸ್ಮರಣೆ, ಇನ್ನೊಂದು ಕಡೆ ಮಾಹಿತಿಯ ಮೂಲ.

ಕೆಲವು ಶಾಲೆಗಳು ತಮ್ಮದೇ ನಮೂನೆ ಕೊಡುತ್ತವೆ. ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ಸ್ಪೈರಲ್ ಹಾಕಿಸುವ ಮುನ್ನ ಪರಿವಿಡಿಯಲ್ಲಿ ತೀರ್ಮಾನದ ಪುಟಸಂಖ್ಯೆ ನೋಡಿ, ಹಾಳೆ ತಿರುವಿ ಆ ಪುಟಕ್ಕೆ ಹೋಗಿ. ಅಲ್ಲಿ ತೀರ್ಮಾನವೇ ಸಿಕ್ಕರೆ ಬೈಂಡಿಂಗ್‌ಗೆ ಕೊಡಿ.