ಅನುಭವದ ಸಾಲು ಬರೆಯುವ ಲೆಕ್ಕ

ಸಾಫ್ಟ್‌ವೇರ್ ಡೆವಲಪರ್‌ಗಳ ರೆಸ್ಯೂಮೆಯಲ್ಲಿ ಅನುಭವದ ಭಾಗ ತೆರೆದರೆ ಇಂಥದೊಂದು ಸಾಲು ಸಾಮಾನ್ಯವಾಗಿ ಸಿಗುತ್ತದೆ: ‘ಜಾವಾ, ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್, ರೆಡಿಸ್, ಕಾಫ್ಕಾ, ಡಾಕರ್, ಜೆಂಕಿನ್ಸ್, ಗಿಟ್, ಜಿರಾ ಬಳಸಿ ಎಪಿಐ ಅಭಿವೃದ್ಧಿ, ಪರ್ಫಾರ್ಮೆನ್ಸ್ ಸುಧಾರಣೆ, ಬಗ್ ಫಿಕ್ಸಿಂಗ್.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪಕ್ಕದ ಕುರ್ಚಿಯಲ್ಲಿ ಕೂತವರೂ ಇದೇ ಸಾಲನ್ನು ಹಾಗೇ ಎತ್ತಿ ತಮ್ಮ ರೆಸ್ಯೂಮೆಗೆ ಹಾಕಿಕೊಳ್ಳಬಹುದು. ಹಾಗೆ ಹಾಕಿಕೊಳ್ಳಲು ಬರುವ ಸಾಲು ನಿಮ್ಮ ಕೆಲಸದ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂದೇ ಅರ್ಥ.

ಇದನ್ನು ತಿದ್ದುವುದು ಹೇಗೆಂದು ನೋಡಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಸರ್ವಿಸ್ ಕಂಪನಿಯೊಂದರಲ್ಲಿ ಮೂರು ವರ್ಷ ದುಡಿದ ಡೆವಲಪರ್ ಒಬ್ಬರಿದ್ದಾರೆ. ಕ್ಲೈಂಟ್ ಒಂದು ವಿಮಾ ಸಂಸ್ಥೆ. ಶಾಖೆಯ ಸಿಬ್ಬಂದಿ ಪಾಲಿಸಿ ಹುಡುಕುವ ಪುಟ ತೆರೆಯಲು 8 ಸೆಕೆಂಡ್ ಹಿಡಿಯುತ್ತಿತ್ತು. ಒಂದು ಪುಟದಲ್ಲಿ 50 ಪಾಲಿಸಿ. ಮೊದಲು ಪಟ್ಟಿಗೆಂದು ಒಂದು ಕ್ವೆರಿ, ಆಮೇಲೆ ಪ್ರತಿ ಪಾಲಿಸಿಯ ಗ್ರಾಹಕರ ವಿವರಕ್ಕೆ ಒಂದೊಂದು, ಒಟ್ಟು 51 ಕ್ವೆರಿ ಡೇಟಾಬೇಸಿಗೆ ಹೋಗುತ್ತಿದ್ದವು. ಇವರು ಅದನ್ನು ಹಿಡಿದು ಎಲ್ಲವನ್ನೂ ಒಂದೇ ಜಾಯಿನ್ ಕ್ವೆರಿಗೆ ತಂದರು, ಶಾಖೆ ಮತ್ತು ದಿನಾಂಕ ಸೇರಿಸಿ ಒಂದು ಇಂಡೆಕ್ಸ್ ಹಾಕಿದರು. ಪುಟ 1.2 ಸೆಕೆಂಡಿಗೆ ಇಳಿಯಿತು. ‘ಪರ್ಫಾರ್ಮೆನ್ಸ್ ಸುಧಾರಣೆ’ ಎಂಬ ಎರಡು ಪದದೊಳಗೆ ಇಷ್ಟೆಲ್ಲ ಹೂತುಹೋಗಿದೆ.

ಹೊಸ ಸಾಲು ಹೀಗಾಗಬಹುದು. ರೆಸ್ಯೂಮೆ ಇರುವುದು ಇಂಗ್ಲಿಷಿನಲ್ಲೇ. ಇಲ್ಲಿ ಅದರ ಹುರುಳು ಮಾತ್ರ: ‘1.8 ಕೋಟಿ ಪಾಲಿಸಿಗಳ ಹುಡುಕಾಟ ಪುಟದ ಪಿ95 ಸಮಯವನ್ನು 8 ಸೆಕೆಂಡಿನಿಂದ 1.2ಕ್ಕೆ ಇಳಿಸಿದೆ, ಸ್ಪ್ರಿಂಗ್ ಬೂಟ್ ಸೇವೆಯ 51 ಕ್ವೆರಿಗಳನ್ನು ಒಂದಾಗಿಸಿ, ಪೋಸ್ಟ್‌ಗ್ರೆಸ್‌ನಲ್ಲಿ ಸಂಯುಕ್ತ ಇಂಡೆಕ್ಸ್ ಸೇರಿಸಿದೆ.’ ಪಿ95 ಎಂದರೆ ನೂರು ಹುಡುಕಾಟದಲ್ಲಿ ತೊಂಬತ್ತೈದು ಅಷ್ಟರೊಳಗೆ ಮುಗಿಯುತ್ತವೆ ಎಂದು. ಸರಾಸರಿಗಿಂತ ಇದು ನಂಬಿಕೆಗೆ ಅರ್ಹ, ಏಕೆಂದರೆ ಸರಾಸರಿಯಲ್ಲಿ ನಿಧಾನವಾದ ಹುಡುಕಾಟಗಳು ಮರೆಯಾಗಿಬಿಡುತ್ತವೆ. ‘85% ಸುಧಾರಣೆ’ ಎಂದು ಬರೆದರೂ ಲೆಕ್ಕ ಸರಿಯೇ. ಆದರೆ 8 ಸೆಕೆಂಡಿನಿಂದ ಇಳಿದದ್ದೋ 80 ಮಿಲಿಸೆಕೆಂಡಿನಿಂದ ಇಳಿದದ್ದೋ ಓದುವವರಿಗೆ ಗೊತ್ತಾಗುವುದಿಲ್ಲ. ಮೊದಲೆಷ್ಟಿತ್ತು, ಆಮೇಲೆಷ್ಟಾಯಿತು, ಎರಡನ್ನೂ ಬರೆಯುವುದೇ ಮೇಲು.

ಪ್ರಮಾಣ ತೋರಿಸುವ ಅಂಕಿ ಆರಿಸುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ದೊಡ್ಡದಾಗಿ ಕಂಡ ಸಂಖ್ಯೆಯನ್ನು ಎತ್ತಿಕೊಳ್ಳುವುದು ರೂಢಿ. ಈ ಉದಾಹರಣೆಯಲ್ಲೇ ನೋಡಿ: 4,000 ಸಿಬ್ಬಂದಿ ದಿನಕ್ಕೆ ತಲಾ 100 ಸಲ ಹುಡುಕಿದರೆ 4 ಲಕ್ಷ ಹುಡುಕಾಟ. ಕೇಳಲು ದೊಡ್ಡದು. ಎಂಟು ಗಂಟೆಯ ಕಚೇರಿ ಸಮಯಕ್ಕೆ ಹಂಚಿದರೆ ಸೆಕೆಂಡಿಗೆ ಸುಮಾರು 14. ಸಾಧಾರಣ ಸರ್ವರ್‌ಗೂ ಇದು ಹೊರೆಯಲ್ಲ. ಸಂದರ್ಶನಕ್ಕೆ ಕೂತ ಅನುಭವಿ ಎಂಜಿನಿಯರ್ ಈ ಭಾಗಾಕಾರವನ್ನು ಮನಸ್ಸಿನಲ್ಲೇ ಮಾಡಿ ಮುಗಿಸುತ್ತಾರೆ. ಇಲ್ಲಿ ಕೆಲಸ ಕಷ್ಟವಾದದ್ದು ಜನದಟ್ಟಣೆಯಿಂದಲ್ಲ, ಟೇಬಲ್ಲಿನ ಗಾತ್ರದಿಂದ ಮತ್ತು ಕ್ವೆರಿಗಳ ಸಂಖ್ಯೆಯಿಂದ. ಹಾಗಾಗಿ ಸಾಲಿನಲ್ಲಿ ನಿಲ್ಲಬೇಕಾದದ್ದು 1.8 ಕೋಟಿ ಮತ್ತು 51. ಕೆಲಸವನ್ನು ಕಷ್ಟವಾಗಿಸಿದ ಅಂಕಿ ಯಾವುದೋ ಅದನ್ನಷ್ಟೇ ಬರೆಯಿರಿ, ಉಳಿದದ್ದನ್ನು ಬಿಡಿ.

ಟೆಕ್ ಸ್ಟ್ಯಾಕ್‌ಗೂ ಇದೇ ಅಳತೆ. ಜಿರಾ, ಗಿಟ್ ಇಲ್ಲದ ತಂಡ ಅಪರೂಪ. ಅವು ಅನುಭವದ ಸಾಲಿನಲ್ಲಿ ಜಾಗ ತಿನ್ನುತ್ತವೆ ಅಷ್ಟೆ. ರೆಸ್ಯೂಮೆ ಜಾಲಾಡುವ ತಂತ್ರಾಂಶಕ್ಕೆ ಹೆಸರು ಸಿಗಬೇಕಲ್ಲ ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕೆ ಕೌಶಲಗಳ ಪಟ್ಟಿಯಲ್ಲಿ, ಎಲ್ಲರೂ ಬರೆಯುವ ಕಾಗುಣಿತದಲ್ಲಿ, ಒಮ್ಮೆ ಬರೆದರೆ ಸಾಕು. ಕಾಫ್ಕಾವನ್ನು ಪಕ್ಕದ ತಂಡ ನಡೆಸುತ್ತಿದ್ದು ನೀವು ಅದಕ್ಕೆ ಸಂದೇಶ ಕಳಿಸಿದ್ದಷ್ಟೇ ಆದರೆ ಅನುಭವದ ಸಾಲಿಗೆ ಅದನ್ನು ತರಬೇಡಿ. ‘ಪಾರ್ಟಿಷನ್ ಎಷ್ಟಿತ್ತು, ಏಕೆ ಅಷ್ಟು?’ ಎಂಬ ಮೊದಲ ಪ್ರಶ್ನೆಗೇ ಮಾತು ನಿಂತುಹೋಗುತ್ತದೆ. ಇಂಡೆಕ್ಸ್ ಹಾಕಲು ಡಿಬಿಎ ಕೈಜೋಡಿಸಿದ್ದರೆ ‘ಡಿಬಿಎ ಜೊತೆ’ ಎಂದು ಸೇರಿಸಿ. ಅದರಿಂದ ನಿಮ್ಮ ತೂಕ ಕಡಿಮೆಯಾಗದು.

ಎಲ್ಲ ಕೆಲಸಕ್ಕೂ ಅಂಕಿ ಸಿಗುವುದಿಲ್ಲ. ಹಳೆಯ ಕೋಡನ್ನು ಹೊಸ ಜಾವಾ ಆವೃತ್ತಿಗೆ ತಂದವರು ‘ಸೇವೆ ನಿಲ್ಲಿಸದೆ ಬದಲಾಯಿಸಿದೆ’ ಎಂದರೆ ಸಾಕು. ಊಹೆಯ ಶೇಕಡಾವಾರು ಅಂಟಿಸುವುದು ಬೇಡ, ‘ಹೇಗೆ ಅಳೆದಿರಿ?’ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಕ್ಲೈಂಟ್ ಹೆಸರು, ಅಂಕಿಅಂಶ ಗೋಪ್ಯವಾಗಿದ್ದರೆ ‘ದೊಡ್ಡ ವಿಮಾ ಸಂಸ್ಥೆ’, ‘ಕೋಟಿಗೂ ಮೀರಿದ ದಾಖಲೆ’ ಎಂದು ಬರೆದರೂ ನಡೆಯುತ್ತದೆ.

ಇವೆಲ್ಲ ಸಿಗುವುದು ಕೆಲಸದಲ್ಲಿರುವಾಗ ಮಾತ್ರ. ಲ್ಯಾಪ್‌ಟಾಪ್ ಒಪ್ಪಿಸಿ ಹೊರಬಂದ ಮೇಲೆ ಡ್ಯಾಶ್‌ಬೋರ್ಡೂ ಇಲ್ಲ, ಹಳೆಯ ಟಿಕೆಟ್ಟೂ ಇಲ್ಲ. ಕಂಪನಿಯ ಕಡತವನ್ನು ನಕಲು ಮಾಡಿಕೊಳ್ಳದೆ, ಬದಲಾವಣೆಗೆ ಮುಂಚಿನ ಮತ್ತು ನಂತರದ ಅಳತೆಯನ್ನು ನಿಮ್ಮ ಮಾತಿನಲ್ಲೇ ಆ ವಾರವೇ ಒಂದು ಸಾಲು ಬರೆದಿಟ್ಟುಕೊಳ್ಳಿ.