ಕೊಂಡಿ ಗುಂಪಿಗೆ ಹೋಗುವ ಮುನ್ನ

ನವೆಂಬರ್ 1ರ ಬೆಳಿಗ್ಗೆ 6 ಗಂಟೆಗೆ ರಾಜ್ಯೋತ್ಸವದ ಲೇಖನವೊಂದು ಜಾಲತಾಣದಲ್ಲಿ ಬರಬೇಕಿದೆ ಎಂದುಕೊಳ್ಳಿ. ಬರಹ ತಿದ್ದಿ ಮುಗಿದಿದೆ. ಎಷ್ಟೋ ಓದುಗರಿಗೆ ಅದು ಮೊದಲು ಸಿಗುವುದು ವಾಟ್ಸಾಪ್ ಗುಂಪಿನಲ್ಲಿ. ಒಂದು ಚಿತ್ರ, ಶೀರ್ಷಿಕೆ, ಕೆಳಗೆ ಒಂದೆರಡು ಸಾಲು. ಕೊನೆಯ ತಪಾಸಣೆ ಶುರುವಾಗಬೇಕಾದದ್ದು ಅಲ್ಲಿಂದಲೇ. ಲೇಖನದೊಳಗಿನ ತಪ್ಪನ್ನು ಆಮೇಲೂ ತಿದ್ದಬಹುದು. ಈ ಮುನ್ನೋಟ ಮಾತ್ರ ಕಳುಹಿಸುವವರ ಫೋನಿನಲ್ಲೇ ತಯಾರಾಗಿ ಸಂದೇಶದ ಜೊತೆ ಹೋಗಿಬಿಡುತ್ತದೆ. ಹೋದಮೇಲೆ ನೀವು ಚಿತ್ರ ಬದಲಿಸಿದರೂ ಆ ಸಂದೇಶ ಬದಲಾಗುವುದಿಲ್ಲ.

ಯಾವ ಚಿತ್ರ ಕಾಣಬೇಕೆಂದು ಹೇಳುವುದು ಪುಟದ ಒಳಗಿರುವ `og:image` ಎಂಬ ಸೂಚನೆ. ಅದನ್ನು ತುಂಬದಿದ್ದರೆ ತಾಣದ ಲಾಂಛನವೋ ಪುಟದ ಇನ್ಯಾವುದೋ ಚಿತ್ರವೋ ಬರುತ್ತದೆ, ಕೆಲವೊಮ್ಮೆ ಏನೂ ಬರುವುದಿಲ್ಲ. 1200 ಪಿಕ್ಸೆಲ್ ಅಗಲ, 630 ಎತ್ತರದ ಚಿತ್ರ ಹೆಚ್ಚಿನ ಕಡೆ ಸರಿಹೊಂದುತ್ತದೆ. ತೂಕ 300 ಕೆಬಿಯೊಳಗಿದ್ದರೆ ವಾಟ್ಸಾಪ್‌ಗೂ ತೊಂದರೆಯಿಲ್ಲ. ಆದರೆ ಕೆಲವು ಕಡೆ ಅದು ನಡುವಿನ ಚೌಕವಷ್ಟೇ ಆಗಿ ಕಾಣುತ್ತದೆ. ಆಗ ಎರಡೂ ಬದಿಯಲ್ಲಿ 285 ಪಿಕ್ಸೆಲ್ ಕತ್ತರಿಸಿ ಹೋಗುತ್ತದೆ. ಚಿತ್ರದ ಮೇಲೆ ಉದ್ದಕ್ಕೂ ‘ಕನ್ನಡ ರಾಜ್ಯೋತ್ಸವ’ ಎಂದು ಬರೆದಿದ್ದರೆ ಓದುಗರಿಗೆ ಸಿಗುವುದು ನಡುವಿನ ತುಂಡು ಅಕ್ಷರಗಳು. ಹಾಗಾಗಿ ಮುಖವನ್ನೂ ಅಕ್ಷರವನ್ನೂ ನಡುವೆಯೇ ಇಡಿ.

ಇನ್ನು ಸಮಯ. ವರ್ಡ್‌ಪ್ರೆಸ್ ತಾಣದ ಗಡಿಯಾರ `UTC`ಯಲ್ಲೇ ಉಳಿದಿದ್ದರೆ, 6 ಗಂಟೆಗೆ ಇಟ್ಟ ಲೇಖನ ನಮ್ಮಲ್ಲಿ ಹನ್ನೊಂದೂವರೆಗೆ ಬರುತ್ತದೆ. ಅಷ್ಟರಲ್ಲಿ ಧ್ವಜಾರೋಹಣವೇ ಮುಗಿದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ `Kolkata` ಆರಿಸಿ. ಇನ್ನೊಂದು ತೊಡಕಿದೆ: ಯಾರಾದರೂ ತಾಣಕ್ಕೆ ಬಂದಾಗಲೇ ಅದು ಬಾಕಿ ಕೆಲಸಗಳನ್ನು ನೋಡುವುದು. ಬೆಳಗಿನ ಹೊತ್ತು ಯಾರೂ ಬರದಿದ್ದರೆ ಲೇಖನ ಅಲ್ಲೇ ಕುಳಿತಿರುತ್ತದೆ, ಕೆಲವೊಮ್ಮೆ ಪಟ್ಟಿಯಲ್ಲಿ `Missed schedule` ಎಂದು ಕಾಣುತ್ತದೆ.

ಕೊಂಡಿಗಳನ್ನು ಲಾಗಿನ್ ಆಗಿರುವ ಬ್ರೌಸರ್‌ನಲ್ಲಿ ಒತ್ತಿ ನೋಡಿದರೆ ಸಾಲದು. ಕರಡು ಲೇಖನವೊಂದರಿಂದ ನಕಲು ಮಾಡಿದ, ಕೊನೆಯಲ್ಲಿ `preview=true` ಇರುವ ಕೊಂಡಿ ನಿಮಗೆ ತೆರೆಯುತ್ತದೆ, ಓದುಗರಿಗೆ ತೆರೆಯುವುದಿಲ್ಲ. ಖಾಸಗಿ ವಿಂಡೋದಲ್ಲಿ ಒಂದೊಂದನ್ನೂ ಒತ್ತಿ ನೋಡಿ. ಪುಟವನ್ನು ನಿಜವಾದ ಫೋನಿನಲ್ಲಿ, ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡು ಓದಿ. ಹಿರಿಯರ ಫೋನುಗಳು ಹಾಗೇ ಇರುತ್ತವೆ. ಉದ್ದದ ಸಮಾಸಪದವಿರುವ ಶೀರ್ಷಿಕೆ, ಅಗಲದ ಕೋಷ್ಟಕ ಪರದೆಯಾಚೆ ಹೋಗುವುದು ಆಗಲೇ ತಿಳಿಯುತ್ತದೆ.

ಕರಡು ಹೊರಗಿನವರಿಗೆ ತೆರೆಯದ್ದರಿಂದ ಮುನ್ನೋಟದ ಪೂರ್ಣ ಪರೀಕ್ಷೆ ಪ್ರಕಟವಾದ ಮೇಲೆಯೇ ಸಾಧ್ಯ. ಆದ್ದರಿಂದ ಪ್ರಕಟಣೆಯನ್ನು 5:45ಕ್ಕೂ ಹಂಚುವುದನ್ನು 6ಕ್ಕೂ ಇಡುವುದು ಒಳ್ಳೆಯದು. ನಡುವಿನ ಕಾಲು ಗಂಟೆಯಲ್ಲಿ ಕೊಂಡಿಯನ್ನು ನಿಮ್ಮದೇ ವಾಟ್ಸಾಪ್ ಸಂಖ್ಯೆಗೆ ಕಳಿಸಿಕೊಳ್ಳಿ. ಚಿತ್ರ ತಪ್ಪಿದ್ದರೆ ಸರಿಪಡಿಸಿ, ಕೊಂಡಿಯ ಕೊನೆಗೆ `?v=2` ಸೇರಿಸಿ ಮತ್ತೆ ಕಳಿಸಿ. ಹಳೆಯ ನೆನಪು ಅಡ್ಡ ಬಾರದೆ ಹೊಸ ಚಿತ್ರ ಕಾಣುತ್ತದೆ. ಫೇಸ್‌ಬುಕ್‌ಗಾದರೆ ಅದರದೇ `Sharing Debugger`ನಲ್ಲಿ ಕೊಂಡಿ ಹಾಕಿ `Scrape Again` ಒತ್ತಬೇಕು.