ಮುಟ್ಟಿನ ಹಿಂದೆ ಮುಂದೆ ಕಾಣುವ ಕಂದು ಕಲೆ

ಮುಟ್ಟು ನಿಂತಿತೆಂದು ತಲೆಗೆ ನೀರೆರೆದುಕೊಂಡ ಮರುದಿನ ಒಳಉಡುಪಿನ ಮೇಲೆ ಕಾಫಿ ಬಣ್ಣದ ಕಲೆ. ಇಲ್ಲವೇ ಮುಟ್ಟಾಗಲು ಇನ್ನೂ ಒಂದೆರಡು ದಿನ ಇರುವಾಗಲೇ ಕಂದು ಬಣ್ಣದ ಜಿಗುಟು ಸ್ರಾವ. ಮನೆಯ ಹಿರಿಯರನ್ನು ಕೇಳಿದರೆ ‘ಕೆಟ್ಟ ರಕ್ತ ಹೋಗ್ತಾ ಇದೆ, ಹೋಗ್ಲಿ ಬಿಡು’ ಎನ್ನುತ್ತಾರೆ. ಕೇಳಲು ನಾಚಿಕೆಪಡುವ ಹುಡುಗಿಯರು ಒಳಗೇನೋ ಕೊಳೆಯುತ್ತಿದೆ ಎಂದು ಹೆದರುತ್ತಾರೆ. ಎರಡೂ ತಪ್ಪು. ದೇಹದಲ್ಲಿ ಕೆಟ್ಟ ರಕ್ತ, ಒಳ್ಳೆಯ ರಕ್ತ ಎಂಬ ಎರಡು ಬಗೆಯಿಲ್ಲ. ಅದು ಮುಟ್ಟಿನ ಅದೇ ರಕ್ತ. ಹೊರಬರಲು ತಡಮಾಡಿದೆ, ಅಷ್ಟೇ.

ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡಾಗ ಸೆರಗಿಗೆ ಹತ್ತಿದ ರಕ್ತ ಸಂಜೆಯ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿರುವುದನ್ನು ಎಲ್ಲರೂ ನೋಡಿದ್ದೇವೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಅಂಶವಿದೆ. ರಕ್ತನಾಳದಿಂದ ಹೊರಬಿದ್ದ ಮೇಲೆ ಹೊತ್ತು ಕಳೆದಂತೆ ಆ ಕಬ್ಬಿಣ ಆಮ್ಲಜನಕದೊಡನೆ ಬೆರೆತು ರೂಪ ಬದಲಿಸುತ್ತದೆ, ರಕ್ತ ಕಂದಾಗುತ್ತದೆ. ಯೋನಿಯೊಳಗಿನ ಸಹಜ ಹುಳಿಗುಣವೂ ಇದಕ್ಕೆ ನೆರವಾಗುತ್ತದೆ. ಹಾಗಾಗಿ ಬಣ್ಣ ಹೇಳುವುದು ರಕ್ತದ ಗುಣವನ್ನಲ್ಲ, ಅದು ಒಳಗೆ ಎಷ್ಟು ಹೊತ್ತು ಕೂತಿತ್ತು ಎಂಬುದನ್ನು.

ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. ಅದರಲ್ಲಿ ಹೆಚ್ಚಿನ ಪಾಲು ಮೊದಲ ಎರಡು ಮೂರು ದಿನಗಳಲ್ಲೇ ಹೋಗಿಬಿಡುತ್ತದೆ. ಆಗ ಹರಿವು ಜೋರಿರುವುದರಿಂದ ಬಣ್ಣ ಕೆಂಪು. ಕೊನೆಯಲ್ಲಿ ಉಳಿಯುವ ಚೂರುಪಾರು ಗರ್ಭಕೋಶದ ಬಾಯಿ ದಾಟಿ ಕೆಳಗಿಳಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಬಣ್ಣ ತಿರುಗಿರುತ್ತದೆ. ಒಂದೆರಡು ದಿನ ಹೀಗಾಗಿ ತಾನಾಗಿ ನಿಂತರೆ ಅದನ್ನು ಮುಟ್ಟಿನ ಬಾಲವೆಂದು ಬಿಟ್ಟುಬಿಡಬಹುದು.

ಮುಟ್ಟಿಗೆ ಮುಂಚೆ ಕಾಣುವುದರ ಲೆಕ್ಕ ಬೇರೆ. ಗರ್ಭಕೋಶದ ಒಳಪದರವನ್ನು ಹಿಡಿದಿಡುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಅದು ಇಳಿದಾಗ ಪದರ ಕಳಚಿಕೊಳ್ಳುತ್ತದೆ. ಕಳಚುವುದು ನಿಧಾನವಾಗಿ ಶುರುವಾದರೆ ಮೊದಲ ಹನಿಗಳು ಕಂದಾಗಿಯೇ ಬರುತ್ತವೆ. ಒಂದು ದಿನ ಹೀಗಾದರೆ ಯೋಚಿಸಬೇಕಿಲ್ಲ. ಪ್ರತಿ ತಿಂಗಳೂ ಮೂರು ನಾಲ್ಕು ದಿನ ಮೊದಲೇ ಶುರುವಾಗುತ್ತಿದ್ದರೆ ಪ್ರೊಜೆಸ್ಟರಾನ್ ಸಾಲದಿರುವುದು, ಥೈರಾಯ್ಡ್ ತೊಂದರೆ, ಎಂಡೊಮೆಟ್ರಿಯೋಸಿಸ್, ಒಳಪದರದಲ್ಲಿ ಬೆಳೆದ ಪಾಲಿಪ್, ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ವೈದ್ಯರು ನೋಡುತ್ತಾರೆ. ಕಾಪರ್-ಟಿ ಹಾಕಿಸಿಕೊಂಡವರಲ್ಲಿ, ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದವರಲ್ಲಿ ಇಂಥ ಕಲೆ ಸಾಮಾನ್ಯ. ಒಂದು ಮಾತು ನೆನಪಿರಲಿ: ‘ಮುಟ್ಟಿನ ಎರಡನೇ ದಿನ ಬನ್ನಿ’ ಎಂದು ವೈದ್ಯರು ಹೇಳಿದಾಗ ಕಂದು ಕಲೆಯ ದಿನಗಳನ್ನು ಎಣಿಸಬಾರದು. ಕೆಂಪು ರಕ್ತ ಚೆನ್ನಾಗಿ ಹರಿಯತೊಡಗಿದ ದಿನವೇ ಮೊದಲನೆಯ ದಿನ. ಇಲ್ಲಿ ಲೆಕ್ಕ ತಪ್ಪಿದರೆ ಆ ತಿಂಗಳ ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲವೂ ಏರುಪೇರಾಗುತ್ತವೆ.

ಇವೆಲ್ಲ ಒಂದಿಷ್ಟಾದರೂ ಗೊತ್ತಿರುವ ಕಾರಣಗಳು. ಅಷ್ಟಾಗಿ ಯಾರೂ ಮಾತಾಡದ ಇನ್ನೊಂದಿದೆ, ಸಿಸೇರಿಯನ್ ಹೊಲಿಗೆಯದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ಆದ್ದರಿಂದ ಇದು ನಮ್ಮ ಅಕ್ಕಪಕ್ಕದ ಮನೆಗಳಲ್ಲೇ ಇರುವ ಸಂಗತಿ.

ಮೂವತ್ತೆರಡು ವರ್ಷದ ಒಬ್ಬ ಗೃಹಿಣಿ ಇದ್ದಾಳೆಂದುಕೊಳ್ಳಿ. ಮಗುವಿಗೆ ನಾಲ್ಕು ವರ್ಷ, ಹೆರಿಗೆ ಸಿಸೇರಿಯನ್. ಮೊದಲು ಐದು ದಿನಕ್ಕೆ ಮುಗಿಯುತ್ತಿದ್ದ ಮುಟ್ಟು ಈಗಲೂ ಐದು ದಿನಕ್ಕೆ ನಿಲ್ಲುತ್ತದೆ, ಆದರೆ ಅದರ ಬೆನ್ನಿಗೇ ಐದಾರು ದಿನ ಕಂದು ಸ್ರಾವ. ವಾಸನೆಯಿಲ್ಲ, ತುರಿಕೆಯಿಲ್ಲ, ಜ್ವರವಿಲ್ಲ. ಸೋಂಕಿರಬಹುದೆಂದು ಯಾರೋ ಕೊಟ್ಟ ಮಾತ್ರೆಯಿಂದ ಏನೂ ಆಗಲಿಲ್ಲ. ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನ್‌ನಲ್ಲಿ ‘ನಾರ್ಮಲ್’ ಎಂದು ಬಂತು. ತಿಂಗಳಲ್ಲಿ ಹತ್ತು ಹನ್ನೊಂದು ದಿನ ಪ್ಯಾಡ್ ಇಟ್ಟುಕೊಂಡೇ ಇರಬೇಕು. ದೇವರ ಮನೆಗೆ ಹೋಗುವಂತಿಲ್ಲ ಎಂಬ ಕಟ್ಟುಪಾಡಿನ ಮನೆಯಾದರೆ ಆ ಕಷ್ಟವೂ ಹನ್ನೊಂದು ದಿನದ್ದು.

ಸಿಸೇರಿಯನ್‌ನಲ್ಲಿ ಗರ್ಭಕೋಶವನ್ನು ಕೊಯ್ಯುವುದು ಅದರ ಮುಂಭಾಗದಲ್ಲಿ, ಕೆಳಗೆ, ಬಾಯಿಗೆ ಹತ್ತಿರ. ಹೊಲಿದ ಮೇಲೆ ಹೊರಗಿನ ಗಾಯ ಮಾಯ್ದರೂ ಒಳಮಗ್ಗುಲಿನ ಸ್ನಾಯು ಕೆಲವರಲ್ಲಿ ಪೂರ್ತಿ ಕೂಡಿಕೊಳ್ಳುವುದಿಲ್ಲ. ಅಲ್ಲೊಂದು ಸಣ್ಣ ಗುಳಿ ಉಳಿಯುತ್ತದೆ. ವೈದ್ಯರು ಇದನ್ನು ‘ನಿಚ್’ ಅಥವಾ ‘ಇಸ್ತ್ಮೋಸೀಲ್’ ಎನ್ನುತ್ತಾರೆ. ಎರಡು ಮಿಲಿಮೀಟರ್‌ನಷ್ಟು ಆಳವಿದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮುಟ್ಟಿನ ರಕ್ತ ಇಳಿಯುವ ದಾರಿಯಲ್ಲೇ ಗುಳಿ ಇರುವುದರಿಂದ ಒಂದಿಷ್ಟು ರಕ್ತ ಅಲ್ಲಿ ತಂಗುತ್ತದೆ. ಕಲೆಗಟ್ಟಿದ ಜಾಗದ ಸ್ನಾಯು ಮೊದಲಿನಂತೆ ಹಿಂಡಿ ಹೊರಹಾಕುವುದೂ ಇಲ್ಲ. ಮುಟ್ಟು ಮುಗಿದ ಮೇಲೆ, ತಂಗಿದ್ದು ಕಂದಾಗಿ ದಿನಗಟ್ಟಲೆ ಜಿನುಗುತ್ತದೆ.

ಗುರುತು ಹಿಡಿಯಲು ಒಳಗಿನಿಂದ ಮಾಡುವ ಸ್ಕ್ಯಾನ್, ಅಂದರೆ ಟ್ರಾನ್ಸ್‌ವಜೈನಲ್ ಸ್ಕ್ಯಾನ್, ಬೇಕು. ಅದನ್ನೂ ಕಂದು ಸ್ರಾವ ಇರುವ ದಿನಗಳಲ್ಲೇ ಮಾಡಿಸಿದರೆ ಗುಳಿಯಲ್ಲಿ ನಿಂತ ದ್ರವ ಕಪ್ಪಗೆ ತ್ರಿಕೋನವಾಗಿ ಎದ್ದು ಕಾಣುತ್ತದೆ. ಎಲ್ಲ ನಿಂತ ಮೇಲೆ ಹೋದರೆ ಗುಳಿ ಬರಿದಾಗಿ ಕಣ್ಣು ತಪ್ಪಿಸಬಹುದು. ನಮ್ಮ ಗೃಹಿಣಿಗೆ ‘ನಾರ್ಮಲ್’ ವರದಿ ಬಂದದ್ದು ಅಚ್ಚರಿಯಲ್ಲ.

ಗುಳಿ ಕಂಡಿತೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಗೆ ಓಡಬೇಕಿಲ್ಲ. ಸಿಸೇರಿಯನ್ ಆದ ಎಷ್ಟೋ ಮಂದಿಯಲ್ಲಿ ಅದಿರುತ್ತದೆ, ಏನೂ ತೊಂದರೆ ಕೊಡುವುದಿಲ್ಲ. ಇನ್ನೊಂದು ಮಗು ಸದ್ಯಕ್ಕೆ ಬೇಡವೆನ್ನುವವರಿಗೆ ಗರ್ಭನಿರೋಧಕ ಮಾತ್ರೆಯಿಂದ ರಕ್ತದ ಪ್ರಮಾಣ ತಗ್ಗಿ ಜಿನುಗುವುದೂ ಕಡಿಮೆಯಾಗುತ್ತದೆ. ಅದು ಸಾಲದಿದ್ದರೆ ಹಿಸ್ಟರೋಸ್ಕೋಪಿಯಲ್ಲಿ ಗುಳಿಯ ಕೆಳ ಅಂಚನ್ನು ಹೆರೆದು ರಕ್ತ ನಿಲ್ಲದೆ ಹರಿಯುವಂತೆ ಮಾಡುತ್ತಾರೆ. ಆದರೆ ಗುಳಿಯ ಆಚೆಗೆ ಉಳಿದಿರುವ ಸ್ನಾಯು ಸುಮಾರು ಮೂರು ಮಿಲಿಮೀಟರ್ ದಪ್ಪವಾದರೂ ಇರಬೇಕು. ಅದಕ್ಕಿಂತ ತೆಳ್ಳಗಿದ್ದರೆ ಗರ್ಭಕೋಶ ತೂತಾಗಿ ಎದುರಿಗಿರುವ ಮೂತ್ರಕೋಶಕ್ಕೆ ಪೆಟ್ಟಾದೀತು. ಅಂಥವರಲ್ಲಿ ಲ್ಯಾಪ್ರೋಸ್ಕೋಪಿಯಲ್ಲಿ ಆ ಭಾಗವನ್ನು ತೆಗೆದು ಮತ್ತೆ ಹೊಲಿಯುತ್ತಾರೆ. ಗುಳಿ ಇರುವವರು ಮತ್ತೆ ಬಸಿರಾದರೆ ಮೊದಲ ಸ್ಕ್ಯಾನನ್ನು ತಡಮಾಡದೆ ಆರೇಳು ವಾರಕ್ಕೇ ಮಾಡಿಸಿಕೊಳ್ಳಬೇಕು. ಅಪರೂಪಕ್ಕೆ ಭ್ರೂಣ ಆ ಹೊಲಿಗೆಯಲ್ಲೇ ನೆಲೆಯೂರುವುದುಂಟು, ಅದು ಅಪಾಯಕಾರಿ.

ಕಂದು ಸ್ರಾವಕ್ಕೆ ಕೆಟ್ಟ ವಾಸನೆಯೋ ಜ್ವರವೋ ಕೆಳಹೊಟ್ಟೆ ನೋವೋ ಜೊತೆಯಾದರೆ ಸೋಂಕಿನ ಅನುಮಾನ. ಡೇಟ್ ತಪ್ಪಿ, ಹೊಟ್ಟೆಯ ಒಂದು ಬದಿ ನೋವೆದ್ದು ಕಂದು ಕಲೆ ಕಂಡರೆ ಗರ್ಭ ನಳಿಕೆಯಲ್ಲಿ ನಿಂತಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಂಡನ ಜೊತೆ ಸೇರಿದ ಮೇಲೆ ಕಲೆ ಕಾಣುತ್ತಿದ್ದರೆ ಗರ್ಭಕೋಶದ ಬಾಯಿಯನ್ನು ಪರೀಕ್ಷಿಸಿಕೊಳ್ಳಬೇಕು. ಮುಟ್ಟು ನಿಂತು ವರ್ಷ ಕಳೆದವರಲ್ಲಿ ಕಂದು ಹನಿ ಒಂದೇ ಒಂದು ಸಲ ಕಂಡರೂ ಪರೀಕ್ಷೆ ಆಗಲೇಬೇಕು.

ಉಳಿದವರು ಮೂರು ತಿಂಗಳ ಕಾಲ ಕ್ಯಾಲೆಂಡರಿನಲ್ಲಿ ಕೆಂಪು ದಿನಗಳಿಗೊಂದು ಗುರುತು, ಕಂದು ದಿನಗಳಿಗೆ ಇನ್ನೊಂದು ಗುರುತು ಹಾಕಿಡಿ. ವೈದ್ಯರ ಬಳಿ ಹೋಗುವಾಗ ಅದನ್ನು ಒಯ್ಯಿರಿ, ಸಿಸೇರಿಯನ್ ಆಗಿದ್ದರೆ ಅವರು ಕೇಳುವ ಮೊದಲೇ ಹೇಳಿಬಿಡಿ.